ಆ ಹುಡುಗಿ ಬರೆದದ್ದು ತಪ್ಪಾಗಿರಲಿಲ್ಲ

ಜಿಲ್ಲಾ ಪತ್ರಿಕೆಗೆ ಸುದ್ದಿ ಕಳಿಸುವ ನನ್ನಂಥವರಿಗೆ ಸುದ್ದಿಯ ಜೊತೆಗೆ ಇನ್ನೂ ಕೆಲವು ಚಿಲ್ಲರೆ ಕೆಲಸ ಅಂಟಿಕೊಂಡಿರುತ್ತವೆ. ಕೆಲವು ತಿಂಗಳು ನನಗೆ ಅಂಟಿದ್ದು ಭಾನುವಾರದ ಮಕ್ಕಳ ಅಂಕಣದ ಪದ ಜೋಡಿಸುವ ಆಟ. ಒಂದಷ್ಟು ಪದಗಳನ್ನು ಎರಡು ತುಂಡು ಮಾಡಿ, ತುಂಡುಗಳನ್ನೆಲ್ಲ ಕಲಸಿ ಕೊಡಬೇಕು. ಓದುವವರು ಎರಡೆರಡು ತುಂಡು ಸೇರಿಸಿ ಪದ ಮಾಡಬೇಕು. ಒಂದು ತುಂಡೂ ಉಳಿಯಬಾರದು, ಒಂದು ಜೋಡಿಯೂ ಅರ್ಥವಿಲ್ಲದ್ದಾಗಬಾರದು. ಸರಿಯುತ್ತರ ಬರೆದವರಲ್ಲಿ ಚೀಟಿ ಎತ್ತಿ ಒಬ್ಬರಿಗೆ ಒಂದು ಪೆನ್ನು, ಎರಡು ನೋಟ್‌ಬುಕ್.

ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಬಸ್ಸಿಗೆ ಕಾಯುವಾಗ ಆರು ಪದ ಹೊಳೆದರೆ ಆಯಿತು, ಕತ್ತರಿಸಿ ಕಲಸಿ ಮೊಬೈಲಿನಲ್ಲೇ ಟೈಪ್ ಮಾಡಿ ಕಳಿಸುತ್ತಿದ್ದೆ. ಹಾಗೆ ಕಳಿಸಿದ ಒಂದು ಪಟ್ಟಿ ಇದು:

ಗಾಳಿ, ಹೊಟ್ಟೆ, ಬರಹ, ಮಳೆ, ತೋಟ, ತಲೆ, ಗಾಲ, ಹಣೆ, ನೋವು, ಚಳಿ, ಪಾಡು, ಕೈ.

ಓದುವುದನ್ನು ಇಲ್ಲೇ ನಿಲ್ಲಿಸಿ ಒಮ್ಮೆ ನೀವೇ ಜೋಡಿಸಿ ನೋಡಿ. ನಾನು ಇಟ್ಟುಕೊಂಡಿದ್ದ ಉತ್ತರ: ಮಳೆಗಾಲ, ಚಳಿಗಾಳಿ, ಹಣೆಬರಹ, ತಲೆನೋವು, ಹೊಟ್ಟೆಪಾಡು, ಕೈತೋಟ.

ಎರಡು ವಾರ ಕಳೆದ ಮೇಲೆ ರಾಗಿ ಬೆಳೆ ನೆಲಕ್ಕೆ ಮಲಗಿದ್ದರ ಸುದ್ದಿಗೆ ಒಂದು ಹಳ್ಳಿಗೆ ಹೋಗಿದ್ದೆ. ಹೊಲ ತೋರಿಸಿದ ರೈತರೊಬ್ಬರು ಫೋಟೋ ತೆಗೆದಾದ ಮೇಲೂ ನನ್ನನ್ನು ಬಿಡಲಿಲ್ಲ. ಅಂಗಿ ಜೇಬಿನಿಂದ ಮಡಿಸಿದ ಹಾಳೆ ತೆಗೆದರು. ಅವರ ಮೊಮ್ಮಗಳು ಆರನೇ ಕ್ಲಾಸು. ಉತ್ತರ ಬರೆದು ಕಳಿಸಿದ್ದಳು, ಅದರದೇ ಒಂದು ನಕಲು. ಪತ್ರಿಕೆಯಲ್ಲಿ ಬಂದ ಸರಿಯುತ್ತರಕ್ಕೆ ಇದು ಹೊಂದಲಿಲ್ಲವೆಂದು ಮಗು ಎರಡು ದಿನ ಮಂಕಾಗಿತ್ತಂತೆ.

"ಏನ್ ಸಾ, ನಮ್ ಮಗು ಬರ್ದಿದ್ದು ಎಲ್ ತಪ್ಪೈತೆ, ನೀವೇ ತೋರ್ಸಿ" ಅಂದರು.

ನೋಡಿದೆ. ನಾಲ್ಕು ಪದ ನನ್ನವೇ. ಉಳಿದ ಎರಡು ಮಾತ್ರ ಬೇರೆ. ಅವಳು ಬರೆದದ್ದು ಚಳಿಗಾಲ ಮತ್ತು ಮಳೆಗಾಳಿ.

ತಪ್ಪು ಎಲ್ಲಿದೆ? ಎಲ್ಲೂ ಇಲ್ಲ. ಚಳಿಗಾಲ ಎಲ್ಲರಿಗೂ ಗೊತ್ತು. ಮಳೆಗಾಳಿಗೆ ಮಲಗಿದ ರಾಗಿಯ ನಡುವೆಯೇ ನಾವಿಬ್ಬರೂ ನಿಂತಿದ್ದೆವು. ಎಲ್ಲ ಹನ್ನೆರಡು ತುಂಡು ಬಳಕೆಯಾಗಿದ್ದವು, ಆರೂ ಪದ ಸರಿ. ಸುಮ್ಮನೆ ಕತ್ತರಿಸಿ ಕೊಟ್ಟವನು ನಾನು, ಬಹುಮಾನದ ಚೀಟಿಯಿಂದ ಹೊರಗೆ ಬಿದ್ದವಳು ಅವಳು.

ಅವತ್ತು ರಾತ್ರಿ ಕೂತು, ಈ ಆಟವನ್ನು ಸರಿಯಾಗಿ ಕಟ್ಟುವುದು ಹೇಗೆ ಎಂದು ಕಾಗದದ ಮೇಲೆ ಬಿಡಿಸಿ ನೋಡಿದೆ. ಹಾಳೆಯಲ್ಲಿ ಮೊದಲ ತುಂಡುಗಳನ್ನು ಒಂದರ ಕೆಳಗೆ ಒಂದು ಬರೆದೆ. ಪ್ರತಿಯೊಂದರ ಎದುರು, ನನ್ನ ಮನಸ್ಸಿನಲ್ಲಿದ್ದ ಉತ್ತರವನ್ನು ಮರೆತು, ಅದಕ್ಕೆ ಕೂಡಬಲ್ಲ ಎಲ್ಲ ತುಂಡುಗಳನ್ನೂ ಬರೆದೆ.

ಹಣೆ: ಬರಹ
ತಲೆ: ಬರಹ, ನೋವು
ಹೊಟ್ಟೆ: ನೋವು, ಪಾಡು
ಕೈ: ಬರಹ, ನೋವು, ತೋಟ
ಮಳೆ: ಗಾಲ, ಗಾಳಿ
ಚಳಿ: ಗಾಲ, ಗಾಳಿ

ಈಗ ಬಿಡಿಸುವ ದಾರಿ ಕಾಣುತ್ತದೆ. ಒಂದೇ ಜೋಡಿ ಇರುವ ತುಂಡಿನಿಂದ ಶುರು ಮಾಡಬೇಕು. ಹಣೆಗೆ ಬರಹ ಬಿಟ್ಟರೆ ಗತಿಯಿಲ್ಲ, ಆದ್ದರಿಂದ ಹಣೆಬರಹ ಖಾಯಂ. ಬರಹ ಖರ್ಚಾಯಿತು, ಉಳಿದ ಸಾಲುಗಳಲ್ಲಿ ಅದನ್ನು ಹೊಡೆದುಹಾಕಿ. ಈಗ ತಲೆಗೆ ನೋವೊಂದೇ ಉಳಿಯಿತು, ತಲೆನೋವು. ನೋವನ್ನೂ ಹೊಡೆದುಹಾಕಿದರೆ ಹೊಟ್ಟೆಗೆ ಉಳಿಯುವುದು ಪಾಡು, ಕೈಗೆ ತೋಟ. ಒಂದು ಗಂಟು ಬಿಚ್ಚಿದರೆ ಮುಂದಿನದು ತಾನಾಗಿ ಬಿಚ್ಚುತ್ತಾ ಹೋಗುತ್ತದೆ.

ಮಕ್ಕಳು ಸಾಮಾನ್ಯವಾಗಿ ಹೀಗೆ ಮಾಡುವುದಿಲ್ಲ. ನಾನೂ ಮಾಡುತ್ತಿರಲಿಲ್ಲ. ಕಣ್ಣಿಗೆ ಮೊದಲು ಬಿದ್ದ ಪದವನ್ನು ಹಿಡಿಯುತ್ತೇವೆ. ನಾನು ಸುದ್ದಿ ಬರೆಯುವವನು, ನನ್ನ ಕಣ್ಣಿಗೆ ಮೊದಲು ಬೀಳುವುದು ತಲೆಬರಹ. ತಲೆಬರಹ ಒಳ್ಳೆಯ ಪದವೇ. ಆದರೆ ಅದನ್ನು ಹಿಡಿದ ಕ್ಷಣ ಹಣೆ ಒಂಟಿಯಾಯಿತು. ಹೊಟ್ಟೆನೋವು ಹಿಡಿದರೆ ಪಾಡು ಒಂಟಿ. ಕೊನೆಯಲ್ಲಿ ಕೂಡದ ಎರಡು ತುಂಡು ಕೈಯಲ್ಲಿ ಉಳಿದಾಗ ಕೊನೆಯ ಜೋಡಿಯೇ ತಪ್ಪು ಅನ್ನಿಸುತ್ತದೆ. ತಪ್ಪಾಗಿರುವುದು ಎಷ್ಟೋ ಸಲ ಮೊದಲು ಹಿಡಿದ ಜೋಡಿಯಲ್ಲಿ. ಪದ ಸರಿಯಿದ್ದರೂ ಜಾಗ ತಪ್ಪಿರಬಹುದು. ಒಂಟಿ ಉಳಿದ ತುಂಡನ್ನು ಹಿಡಿದು, ಇದಕ್ಕೆ ಕೂಡುವುದು ಯಾವುದು, ಅದನ್ನು ನಾನು ಎಲ್ಲಿ ಖರ್ಚು ಮಾಡಿದೆ ಎಂದು ಹಿಂದಕ್ಕೆ ಹೋದರೆ ಗಂಟು ಸಿಗುತ್ತದೆ.

ಇನ್ನು ಮಳೆ ಮತ್ತು ಚಳಿಯ ಸಾಲು ನೋಡಿ. ಎರಡಕ್ಕೂ ಗಾಲ, ಗಾಳಿ ಎರಡೂ ಕೂಡುತ್ತವೆ. ಹೊಡೆದುಹಾಕಲು ಹೊರಗಿನಿಂದ ಯಾವ ಆಧಾರವೂ ಇಲ್ಲ. ಮಳೆಗಾಲ ಮತ್ತು ಚಳಿಗಾಳಿ ಅಂದರೂ ಸರಿ, ಚಳಿಗಾಲ ಮತ್ತು ಮಳೆಗಾಳಿ ಅಂದರೂ ಸರಿ. ಸಾಲದ್ದಕ್ಕೆ ತುಂಡನ್ನು ತಿರುಗಿಸಿದರೆ ಗಾಳಿಮಳೆ ಅಂತಲೂ ಆಗುತ್ತದೆ. ಅಂದರೆ ನನ್ನ ಆಟಕ್ಕೆ ಮೂರು ಸರಿಯುತ್ತರ ಇದ್ದವು, ನಾನು ಅಚ್ಚು ಮಾಡಿಸಿದ್ದು ಒಂದನ್ನು.

ಇದರಿಂದ ಒಂದು ಲೆಕ್ಕ ಸಿಕ್ಕಿತು. ಯಾವ ತುಂಡು ಮೊದಲನೆಯದು, ಯಾವುದು ಎರಡನೆಯದು ಎಂದು ಗೊತ್ತಿರುವ ಪಟ್ಟಿಯಲ್ಲಿ, ಒಂಟಿ ಜೋಡಿಗಳನ್ನು ಹಿಡಿದು ಹೊಡೆಯುತ್ತಾ ಹೋದಾಗ ಕೊನೆಯವರೆಗೂ ಬಿಚ್ಚಿಕೊಂಡರೆ ಉತ್ತರ ಒಂದೇ. ನಡುವೆ ಸಿಕ್ಕಿಕೊಂಡು, ಉಳಿದ ಪ್ರತಿ ತುಂಡಿಗೂ ಕನಿಷ್ಠ ಎರಡೆರಡು ಜೋಡಿ ಕಾಣುತ್ತಿದ್ದರೆ ಒಂದಕ್ಕಿಂತ ಹೆಚ್ಚು ಉತ್ತರ ಇದ್ದೇ ಇದೆ. ಅಂಥ ಪಟ್ಟಿಯನ್ನು ಕಳಿಸಬಾರದು.

ತುಂಡು ಮೊದಲನೆಯದೋ ಎರಡನೆಯದೋ ಎನ್ನುವುದಕ್ಕೆ ಕನ್ನಡವೇ ಕೆಲವು ಕಡೆ ಸುಳಿವು ಕೊಡುತ್ತದೆ. ಗಾಲ ಎನ್ನುವುದನ್ನು ನಾವು ಒಂಟಿಯಾಗಿ ಆಡುವುದಿಲ್ಲ. ಅದು ಕಾಲ. ಮಳೆಯ ಹಿಂದೆ ಬಂದು ಕೂತಾಗ ಕಕಾರ ಗಕಾರವಾಯಿತು. ಶಾಲೆಯಲ್ಲಿ ಆದೇಶ ಸಂಧಿ ಎಂದು ಕಲಿತದ್ದು ಇದನ್ನೇ. ಕಡಲೆ ನೆಲದ ಹಿಂದೆ ಹೋಗಿ ನೆಲಗಡಲೆಯಾದದ್ದೂ ಹೀಗೆಯೇ. ಆದ್ದರಿಂದ ಪಟ್ಟಿಯಲ್ಲಿ ಗಾಲ, ಗಡಲೆ ಅಂಥದ್ದು ಕಂಡರೆ ಅದು ಎರಡನೆಯ ತುಂಡು ಎಂದು ಕಣ್ಣುಮುಚ್ಚಿ ಹೇಳಬಹುದು. ಗಾಳಿ ಹಾಗಲ್ಲ, ಅದು ಒಂಟಿಯಾಗಿಯೂ ನಿಲ್ಲುತ್ತದೆ, ಮುಂದೆಯೂ ಬರುತ್ತದೆ, ಹಿಂದೆಯೂ ಬರುತ್ತದೆ. ನನ್ನನ್ನು ಕೆಡವಿದ್ದು ಅದೇ.

ಕತ್ತರಿಸುವವರು ಇನ್ನೊಂದು ಎಚ್ಚರ ವಹಿಸಬೇಕು. ಹುಟ್ಟು ಮತ್ತು ಊರು ಸೇರಿ ಹುಟ್ಟೂರು ಆಗುವಾಗ ಒಂದು ಉಕಾರ ಬಿದ್ದುಹೋಗುತ್ತದೆ. ಆ ಎರಡನ್ನು ತುಂಡುಗಳಾಗಿ ಕೊಟ್ಟರೆ ಮಗು ಹುಟ್ಟುಊರು ಎಂದು ಬರೆದು ಕೂರುತ್ತದೆ. ತುಂಡುಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಅಕ್ಷರ ಬದಲಾಗದೆ ಪದವಾಗಬೇಕು. ಹಾಗಾಗದ ಪದವನ್ನು ಈ ಆಟಕ್ಕೆ ತೆಗೆದುಕೊಳ್ಳದಿರುವುದೇ ಒಳ್ಳೆಯದು.

ನನ್ನ ಪಟ್ಟಿ ರಿಪೇರಿಯಾಗಲು ಒಂದು ತುಂಡು ಬದಲಾಯಿಸಿದ್ದರೆ ಸಾಕಿತ್ತು. ಗಾಳಿ ತೆಗೆದು ಜ್ವರ ಇಟ್ಟರೆ ಚಳಿಜ್ವರ. ಜ್ವರಕ್ಕೆ ಚಳಿ ಬಿಟ್ಟರೆ ಪಟ್ಟಿಯಲ್ಲಿ ಬೇರೆ ದಾರಿ ಇಲ್ಲ, ಆಗ ಗಾಲ ಮಳೆಗೇ ಹೋಗಬೇಕು. ಚಳಿಗಾಲ ಎಂದು ಆತುರಪಟ್ಟವರಿಗೆ ಮಳೆ ಮತ್ತು ಜ್ವರ ಕೈಯಲ್ಲಿ ಉಳಿಯುತ್ತವೆ, ಅವರು ಹಿಂದಕ್ಕೆ ಬಂದು ಸರಿಮಾಡಿಕೊಳ್ಳುತ್ತಾರೆ. ಎಡವಿಸುವ ಕಲ್ಲು ಉಳಿಯಿತು, ಅನ್ಯಾಯ ಹೋಯಿತು.

ಮಾರನೆಯ ದಿನ ಪತ್ರಿಕೆಗೆ ಫೋನ್ ಮಾಡಿ ತಿದ್ದುಪಡಿ ಹಾಕಿ ಎಂದೆ. ಮಕ್ಕಳ ಆಟಕ್ಕೆಲ್ಲ ತಿದ್ದುಪಡಿಯೇ ಎಂದು ಆ ಕಡೆಯಿಂದ ನಕ್ಕರು. ಬೆಳೆ ನಷ್ಟದ ಎಕರೆ ಲೆಕ್ಕ ತಪ್ಪಾದರೆ ಹಾಕುತ್ತೇವಲ್ಲ, ಇದೂ ಅಚ್ಚಾದ ತಪ್ಪೇ ಎಂದೆ. ಎರಡು ಸಾಲು ಹಾಕಿದರು. ಬದಿಗೆ ಎತ್ತಿಟ್ಟಿದ್ದ ಕಾರ್ಡುಗಳನ್ನು ನಾನೇ ಹೋಗಿ ಮತ್ತೆ ನೋಡಿದೆ. ಅವಳೊಬ್ಬಳೇ ಅಲ್ಲ, ಇನ್ನೂ ನಾಲ್ವರು ಮಕ್ಕಳು ಚಳಿಗಾಲ ಎಂದೇ ಬರೆದಿದ್ದರು. ಐದು ಪೆನ್ನು, ಹತ್ತು ನೋಟ್‌ಬುಕ್ ನನ್ನ ಕಿಸೆಯಿಂದ ಹೋದವು. ಆ ತಿಂಗಳ ಸುದ್ದಿಯ ದುಡ್ಡಿನಲ್ಲಿ ಅದು ಕಾಣುವಷ್ಟು ದೊಡ್ಡ ಖರ್ಚೇ.

ನೋಟ್‌ಬುಕ್ ತಲುಪಿದ ಮೇಲೆ ಹುಡುಗಿ ತಾತನ ಫೋನಿನಿಂದ ಒಂದು ಫೋಟೋ ಕಳಿಸಿದಳು. ಹೊಸ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಅವಳೇ ಕಟ್ಟಿದ ಪಟ್ಟಿ:

ಮನೆ, ಮಳೆ, ಕೆಲಸ, ಬರ, ನೀರು, ತವರು, ಬಿಲ್ಲು, ಅಡುಗೆ, ಗಾಲ, ಎಳ.

ಕೆಳಗೆ, "ಇದಕ್ಕೆ ಒಂದೇ ಉತ್ತರ ಸಾರ್, ಅಜ್ಜಿ ಹತ್ರನೂ ಕೇಳಿ ನೋಡಿದೀನಿ" ಎಂದು ಬರೆದಿದ್ದಳು.

ನಾನು ಮೊದಲು ಹಿಡಿದದ್ದು ಮನೆಕೆಲಸ. ತವರು ಒಂಟಿಯಾಗಿ ಉಳಿದಾಗ ಹಿಂದಕ್ಕೆ ಬರಬೇಕಾಯಿತು. ಹಾಳೆಯಲ್ಲಿ ಸಾಲು ಹಾಕಿ ಹೊಡೆಯುತ್ತಾ ಹೋದೆ, ಕೊನೆಯವರೆಗೂ ಬಿಚ್ಚಿತು. ಅವಳು ಹೇಳಿದ್ದು ನಿಜ, ಉತ್ತರ ಒಂದೇ. ಮುಂದಿನ ಭಾನುವಾರ ಅದನ್ನೇ ಕಳಿಸಿದೆ.