ಕುಚ್ಚಿನ ಎಳೆ ಹೇಳದ ಮಾತು

ಮೊಮ್ಮಗಳ ಮದುವೆಗೆ ಅಂತ ಅಮ್ಮ ತನ್ನ ಪಿಂಚಣಿ ದುಡ್ಡಿನಲ್ಲಿ ಒಂದು ಸೀರೆ ಕೊಂಡಳು. ನಮ್ಮ ಠಾಣೆಯ ಮನೆ ಹತ್ತಿರ ನಾಲ್ಕು ದಿನ ಮಾರಾಟ ಮೇಳವೊಂದು ಬಂದಿತ್ತು, ಅಲ್ಲಿ. ನವಿಲು ಬಣ್ಣ, ಜರಿ ಅಂಚು, ಬೆಲೆ 14,000 ರೂಪಾಯಿ. ಅಮ್ಮ ಸುಮ್ಮನೆ ನಂಬುವವಳಲ್ಲ. "ಸುಟ್ಟು ತೋರಿಸಪ್ಪ" ಅಂದಳಂತೆ. ಅಂಗಡಿಯವನು ಸೆರಗಿನ ಕುಚ್ಚಿನಿಂದ ಎರಡೆಳೆ ಕಿತ್ತು ಬೆಂಕಿ ತಾಗಿಸಿದ. ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ಅಮ್ಮ ದುಡ್ಡು ಎಣಿಸಿಕೊಟ್ಟಳು.

ಸೀರೆ ಕೈಗೆ ಬಂದಾಗ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಮೃದುವಾಗಿತ್ತು, ಹೊಳಪೂ ಇತ್ತು. ಆದರೆ ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ರೇಷ್ಮೆಯ ಆ ಸಣ್ಣ ಸದ್ದು ಇರಲಿಲ್ಲ, ಜಾರಿ ಹೋಗುತ್ತಿತ್ತು. ಇದೊಂದರಿಂದಲೇ ತೀರ್ಮಾನ ಮಾಡುವ ಹಾಗಿಲ್ಲ. ಆ ಸದ್ದು ನೂಲಿಗೆ ಕೊಡುವ ಸಂಸ್ಕರಣದ ಮೇಲೂ ನಿಂತಿದೆ. ಉಂಗುರದೊಳಗೆ ಸೀರೆ ತೂರಿಸುವ ಪರೀಕ್ಷೆಯೂ ಹಾಗೆಯೇ. ತೆಳು ಪಾಲಿಯೆಸ್ಟರ್ ಸಲೀಸಾಗಿ ತೂರುತ್ತದೆ, ಭಾರದ ಕಂಚಿ ಸೀರೆ ತೂರುವುದಿಲ್ಲ.

ಉತ್ತರ ಸಿಕ್ಕಿದ್ದು ಬಣ್ಣದಲ್ಲಿ. ಸೀರೆ ಅಲುಗಿಸಿದರೆ ಹಸಿರು, ನೀಲಿ ಎರಡೂ ಮಿನುಗುತ್ತಿದ್ದವು. ಕುಚ್ಚು ಮಾತ್ರ ಪೂರ್ತಿ ಹಸಿರು. ಹಾಗಾದರೆ ನೀಲಿ ಎಲ್ಲಿಂದ ಬಂತು?

ಹಾಸುಹೊಕ್ಕು ಅಂತ ಮಾತಿನಲ್ಲಿ ಬಳಸುತ್ತೇವಲ್ಲ, ಅದು ಮಗ್ಗದ ಮಾತು. ಹಾಸು ಅಂದರೆ ಸೀರೆಯ ಉದ್ದಕ್ಕೂ ಓಡುವ ಎಳೆ, ಹೊಕ್ಕು ಅಂದರೆ ಅಂಚಿನಿಂದ ಅಂಚಿಗೆ ಅಡ್ಡ ಹೋಗುವ ಎಳೆ. ನೇಯದೆ ಬಿಟ್ಟ ಹಾಸಿನ ತುದಿಗಳೇ ಸೆರಗಿನ ಕುಚ್ಚು. ಅಂದರೆ ಕುಚ್ಚನ್ನು ಎಷ್ಟು ಸುಟ್ಟರೂ ಗೊತ್ತಾಗುವುದು ಹಾಸಿನ ವಿಷಯ ಮಾತ್ರ. ಹಾಸಿಗೆ ರೇಷ್ಮೆ ಹಾಕಿ ಹೊಕ್ಕಿಗೆ ಅಗ್ಗದ ನೂಲು ಹಾಕಿದರೆ ಈ ಪರೀಕ್ಷೆಯಲ್ಲಿ ಸೀರೆ ಪಾಸಾಗುತ್ತದೆ. ಎರಡು ಬಣ್ಣ ಮಿನುಗುವುದೂ ಶುದ್ಧ ರೇಷ್ಮೆಯ ಗುರುತಲ್ಲ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾದರೆ ಯಾವ ನೂಲಾದರೂ ಮಿನುಗುತ್ತದೆ.

ಟೈಲರ್ ಬ್ಲೌಸ್ ಪೀಸ್ ಕತ್ತರಿಸಿದ ಮೇಲೆ, ಸೀರೆಯ ಒಡಲಿನ ಕಡೆಯ ಕತ್ತರಿಸಿದ ತುದಿಯಿಂದ ನಾಲ್ಕೈದು ಅಡ್ಡ ಎಳೆ ಬಿಡಿಸಿದೆ. ಎಲ್ಲವೂ ನೀಲಿ. ಜರಿ ಎಳೆ ಬೆರೆಯದಂತೆ ನೋಡಿಕೊಂಡೆ, ಅದು ಸುಡುವ ರೀತಿಯೇ ಬೇರೆ. ಒಂದೇ ಎಳೆ ಕಣ್ಣಿಗೆ ಕಾಣುವ ಮೊದಲೇ ಉರಿದುಹೋಗುತ್ತದೆ, ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಹೊಸೆದು ಚಿಮಟದಲ್ಲಿ ಹಿಡಿದೆ. ಕೆಳಗೆ ನೀರು ಹಾಕಿದ ಸ್ಟೀಲ್ ತಟ್ಟೆ ಇಟ್ಟೆ. ಕರಗಿದ ನೂಲು ಚರ್ಮಕ್ಕೆ ಅಂಟಿದರೆ ಬೊಬ್ಬೆ ಏಳುತ್ತದೆ.

ಪಕ್ಕದಲ್ಲಿ ಹಸಿರು ಎಳೆಗಳನ್ನೂ ಹಾಗೇ ಹೊಸೆದು ಇಟ್ಟುಕೊಂಡಿದ್ದೆ. ಹಸಿರು ನಿಧಾನ ಉರಿದು, ಬೆಂಕಿ ತೆಗೆದೊಡನೆ ಆರಿತು. ಕೂದಲಿನ ವಾಸನೆ, ಪುಡಿಯಾಗುವ ಕಪ್ಪು ಬೂದಿ. ಅದು ರೇಷ್ಮೆ. ನೀಲಿ ಎಳೆ ಬೆಂಕಿ ಹತ್ತಿರ ಬರುತ್ತಲೇ ಮುದುಡಿತು, ಕರಗಿತು, ಕಪ್ಪು ಹೊಗೆ ಬಿಟ್ಟಿತು. ತಣ್ಣಗಾದ ಮೇಲೆ ತುದಿಯಲ್ಲಿ ಉಳಿದದ್ದು ಉಗುರಿಗೂ ಒಡೆಯದ ಗಟ್ಟಿ ಮಣಿ. ಪಾಲಿಯೆಸ್ಟರ್. ಆರ್ಟ್ ಸಿಲ್ಕ್ ಅಂತ ಮಾರುವ ರೇಯಾನ್ ಆಗಿದ್ದರೆ ಮಣಿ ಬರುತ್ತಿರಲಿಲ್ಲ. ಕಾಗದದಂತೆ ಬೇಗ ಉರಿದು, ಕಾಗದದ್ದೇ ವಾಸನೆ ಬಂದು, ಮೆತ್ತನೆ ಬೂದಿ ಉಳಿಯುತ್ತಿತ್ತು.

ಒಂದೇ ಎಳೆಯೊಳಗೆ ಎರಡು ನಾರು ಬೆರೆಸಿ ನೂತಿದ್ದರೆ ಲಕ್ಷಣಗಳು ಕಲಸಿಹೋಗುತ್ತವೆ, ಆಗ ಮನೆಯ ಪರೀಕ್ಷೆ ಸಾಲದು. ಇಳಕಲ್ ಸೀರೆಯಲ್ಲಿ ಇನ್ನೊಂದು ಸಂಗತಿ ಇದೆ. ಅಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಸೇರಿಸುತ್ತಾರೆ. ಸೆರಗು ರೇಷ್ಮೆ, ಒಡಲು ಹತ್ತಿ ಇರಬಹುದು. ಅದು ಮೋಸವಲ್ಲ, ಆ ಸೀರೆಯ ಪದ್ಧತಿ. ಆದರೆ ಅದರ ಕುಚ್ಚು ಒಡಲಿನ ಹಾಸಿನ ಬಗ್ಗೆಯೂ ಏನೂ ಹೇಳುವುದಿಲ್ಲ.

ಅಮ್ಮನಿಗೆ ಹೇಳಬೇಕೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಮೇಳ ಆಗಲೇ ಎತ್ತಿತ್ತು, ಬಿಲ್ಲಿನಲ್ಲಿ ಬರೀ 'ಸೀರೆ 1' ಅಂತ ಇತ್ತು. ಕೊನೆಗೆ ಹೇಳಿದೆ.

"ಕೂದಲಿನ ವಾಸನೆ ಬಂತಲ್ಲೇ, ನಾನೇ ಮೂಸಿ ನೋಡಿದೆ" ಅಂದಳು.

"ನಿಜ ಅಮ್ಮ. ಹಾಸು ರೇಷ್ಮೆಯೇ. ಹೊಕ್ಕು ಅಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮಣಿಯನ್ನು ಬೆರಳಲ್ಲಿ ಉರುಳಿಸಿ ನೋಡಿದಳು. ಮಗಳು ಧಾರೆಯ ಮರುದಿನ ಅದೇ ಸೀರೆ ಉಟ್ಟಳು, ಅಜ್ಜಿ ಕೊಟ್ಟಿದ್ದು ಅಂತ.

ಕಳೆದ ತಿಂಗಳು ಮಾಟುಂಗದ ಅಂಗಡಿಯೊಂದರಲ್ಲಿ ಕುಚ್ಚಿಗೆ ಕೈ ಹಾಕಿದವನನ್ನು ಅಮ್ಮ ತಡೆದಳು. "ಅದು ಬೇಡಪ್ಪ, ಆ ಕಡೆ ತುದಿಯಿಂದ ಒಂದು ಅಡ್ಡ ಎಳೆ ಕೊಡು." ಆ ತುದಿಯಲ್ಲಿದ್ದದ್ದು ಬ್ಲೌಸ್ ಪೀಸ್, ಒಡಲಿನದೇ ಬಣ್ಣ. ಬೇರೆ ಬಣ್ಣವಾಗಿದ್ದರೆ ಅಲ್ಲಿಯ ಹೊಕ್ಕೂ ಬೇರೆ, ಆಗ ಅದನ್ನು ಸುಟ್ಟು ಪ್ರಯೋಜನವಿಲ್ಲ. ಆಮೇಲೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ಅಂತ ನೋಡಿ, ಬಿಲ್ಲಿನಲ್ಲಿ 'ಹಾಸು, ಹೊಕ್ಕು ಎರಡೂ ಶುದ್ಧ ರೇಷ್ಮೆ' ಅಂತ ಬರೆಸಿಕೊಂಡಳು. ಚೀಟಿ ಹೇಳುವುದು ರೇಷ್ಮೆಯ ವಿಷಯ ಮಾತ್ರ, ಜರಿಯದ್ದಲ್ಲ. ಅದಕ್ಕೆ ಜರಿಯ ವಿಷಯವನ್ನೂ ಕೆಳಗೆ ಇನ್ನೊಂದು ಸಾಲಿನಲ್ಲಿ ಬರೆಸಿದಳು.