ಒಂದು ಮಾತ್ರೆ, ಎರಡು ಲೆಕ್ಕ

ಬ್ಯಾಂಕಿನ ಗುಮಾಸ್ತನಾಗಿದ್ದ ನನಗೆ ಅಂಕಿ ಓದದೆ ಸಮಾಧಾನವಿಲ್ಲ. ನನ್ನ ಸಕ್ಕರೆ ಕಾಯಿಲೆಯ ಮಾತ್ರೆಯಲ್ಲಿ ಎರಡು ಔಷಧಿಗಳಿವೆ: ಗ್ಲಿಮೆಪಿರೈಡ್ 1 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ. ಹೆಸರಿನ ಕೊನೆಯಲ್ಲಿ ‘ಎಂ 1’ ಎಂದಿರುತ್ತದೆ.

ಕಳೆದ ತಿಂಗಳು ಔಷಧಿ ಅಂಗಡಿಯ ಹುಡುಗ ‘ಎಂ 2’ ಕೊಟ್ಟ. “ಎರಡೂ ಒಂದೇ ಕಂಪನಿದು ತಾತ, ನಡೆಯುತ್ತೆ” ಎಂದ. ಆರನೇ ತರಗತಿಯ ಮೊಮ್ಮಗಳು ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿದಳು: ಗ್ಲಿಮೆಪಿರೈಡ್ 2, ಮೆಟ್‌ಫಾರ್ಮಿನ್ 500.

“ಮೆಟ್‌ಫಾರ್ಮಿನ್ ಅಷ್ಟೇ ಇದೆ, ಇನ್ನೊಂದು ಮಾತ್ರ ಡಬಲ್ ಆಗಿದೆ ತಾತ!”

ಸರಿಯಾಗಿ ಹಿಡಿದಳು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಅದು ಹೆಚ್ಚಾಗಿ ಊಟ ತಡವಾದರೆ ಸಕ್ಕರೆ ವಿಪರೀತ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು.

“ಹಾಗಾದರೆ ಅರ್ಧ ಮಾಡಿ ನುಂಗಿದರೆ?”

“ಗ್ಲಿಮೆಪಿರೈಡ್ 1ಕ್ಕೆ ಬರುತ್ತೆ, ಆದರೆ ಮೆಟ್‌ಫಾರ್ಮಿನ್ 250ಕ್ಕೆ ಇಳಿಯುತ್ತಲ್ಲ ಪುಟ್ಟಿ! ಅದೂ ಅಲ್ಲದೆ, ಇದರ ಮೆಟ್‌ಫಾರ್ಮಿನ್ ನಿಧಾನವಾಗಿ ಬಿಡುಗಡೆಯಾಗುವ ಬಗೆಯದು. ಮುರಿದರೆ ಬೇಗನೆ ಕರಗಿಬಿಡಬಹುದು.”

ಡಾಕ್ಟರರ ಚೀಟಿ ಹಿಡಿದು ಇಬ್ಬರೂ ಅಂಗಡಿಗೆ ಹೋದೆವು. ಎರಡೂ ಅಂಕಿ ತಾಳೆಯಾದ ಪಟ್ಟಿಯನ್ನೇ ಅವಳು ಚೀಲಕ್ಕೆ ಹಾಕಿದಳು.