‘ಹೆಚ್ಚಿದೆ’ ಅಂದ್ರೆ ಏನರ್ಥ?

ಅಕ್ಕನ ಫೋನ್ ಬಂದಾಗ ನಾನು ಆಫೀಸ್ ಕ್ಯಾಬ್‌ನಲ್ಲಿದ್ದೆ. “ಪೇಪರ್ ವಾಪಸ್ ಬಂದಿದೆ ಕಣೋ. ಎರಡನೇ ರಿವ್ಯೂವರ್ ಚೆನ್ನಾಗಿ ಉಗಿದಿದ್ದಾರೆ” ಅಂದಳು.

ಅಕ್ಕ ಅಂದ್ರೆ ದೊಡ್ಡಪ್ಪನ ಮಗಳು. ಸರ್ಕಾರಿ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತಾಳೆ, ಎಂ.ಎ.ವರೆಗೂ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಊರ ಸುತ್ತಲಿನ 80 ಮನೆಗಳಿಗೆ ಹೋಗಿ, ಡೈರಿಗೆ ಹಾಲು ಹಾಕುವವರ ಮತ್ತು ಹಾಕದವರ ಆದಾಯ ಹೋಲಿಸಿ ಕನ್ನಡದಲ್ಲಿ ಬರೆದಿದ್ದಳು. ಇಂಗ್ಲಿಷ್ ಮಾಡಿಕೊಟ್ಟವನು ನಾನು.

ಮೇಲ್ ನೋಡಿದೆ. ‘ಈಗಿರುವ ರೂಪದಲ್ಲಿ ಪ್ರಕಟಿಸಲಾಗದು’ ಅನ್ನುವ ಸಾಲಿನಲ್ಲೇ ಅಕ್ಕ ಸೋತು ಕೂತಿದ್ದಳು. ಕೆಳಗೆ ‘ಮೇಜರ್ ರಿವಿಷನ್’ ಅಂತಿತ್ತು, 60 ದಿನ ಗಡುವೂ ಇತ್ತು. ಅಂದ್ರೆ ಬಾಗಿಲು ಮುಚ್ಚಿಲ್ಲ, ಒಳಗೆ ಬಿಡ್ತೀವಿ ಅಂತಲೂ ಹೇಳಿಲ್ಲ.

ಅವತ್ತು ರಾತ್ರಿ ಕಾಮೆಂಟುಗಳನ್ನೆಲ್ಲ ಕನ್ನಡಕ್ಕೆ ಇಳಿಸಿದೆ. ಒಂದು ಕಡೆ ‘ಆಥರ್ಸ್ ಮೇ ವಿಶ್ ಟು ಕನ್ಸಿಡರ್’ ಅಂತ ಶುರುವಾಗಿ, ಮನೆಗಳನ್ನು ಆರಿಸಿದ ರೀತಿ ವಿವರಿಸಿ ಅನ್ನುವ ಮಾತಿತ್ತು. ‘ಲೇಖಕರು ಇಚ್ಛಿಸಿದರೆ ವಿವರಿಸಬಹುದು’ ಅಂತ ಬರೆದೆ. “ಇಚ್ಛೆ ಇಲ್ಲ, ಬಿಡು” ಅಂದಳು ಅಕ್ಕ. ತಪ್ಪು ನನ್ನದೇ. ರಿವ್ಯೂವರ್ ಬಾಯಲ್ಲಿ ಈ ಮಾತು ಬಂದರೆ ಒಂದೋ ಅದನ್ನು ಮಾಡಬೇಕು, ಇಲ್ಲಾ ಯಾಕೆ ಮಾಡಲಿಲ್ಲ ಅಂತ ಹೇಳಬೇಕು. ನಮ್ಮ ಕೋಡ್ ರಿವ್ಯೂನಲ್ಲೂ ಸೀನಿಯರ್‌ಗಳು ಹೀಗೇ ನಯವಾಗಿ ಬರೆಯೋದು, ಆದರೂ ನನಗೆ ಹೊಳೆದಿರಲಿಲ್ಲ. ‘ದಯವಿಟ್ಟು ವಿವರಿಸಿ’ ಅಂತ ತಿದ್ದಿದೆ.

ಉಗಿತ ಅಂದಿದ್ದು ಇನ್ನೊಂದು. ‘ಒಂದೇ ಸಲ ಸರ್ವೆ ಮಾಡಿ, ಡೈರಿ ಸೇರಿದ ಮೇಲೆ ಆದಾಯ ಏರಿತು ಅಂತ ಹೇಗೆ ಹೇಳುತ್ತೀರಿ? ಮೊದಲೇ ಹೆಚ್ಚು ಹಸು ಇದ್ದವರೇ ಡೈರಿ ಸೇರಿರಬಹುದಲ್ಲ?’

ಅಕ್ಕನಿಗೆ ಸಿಟ್ಟು ಬಂತು. “ಏರಿತು ಅಂತ ನಾನೆಲ್ಲಿ ಬರೆದೆ? ಅವರು ಸರಿಯಾಗಿ ಓದಿಲ್ಲ ಅಂತಲೇ ಉತ್ತರ ಹಾಕು.”

ಅವಳ ಕನ್ನಡ ಕರಡು ತೆಗೆದು ನೋಡಿದೆ. ‘ಸದಸ್ಯರ ಆದಾಯ ಹೆಚ್ಚಿದೆ.’ ಅವಳ ಮನಸ್ಸಿನಲ್ಲಿದ್ದದ್ದು ‘ಹೆಚ್ಚು ಇದೆ’, ಪಕ್ಕದ ಮನೆಯವರಿಗಿಂತ ಜಾಸ್ತಿ. ನಾನು ಓದಿಕೊಂಡದ್ದು ‘ಹೆಚ್ಚಾಗಿದೆ’, ಮೊದಲಿಗಿಂತ ಜಾಸ್ತಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ನಡೆಯುತ್ತೆ. ಇಂಗ್ಲಿಷ್‌ನಲ್ಲಿ ‘ಹೈಯರ್’ ಬರೆಯಬೇಕಾದಲ್ಲಿ ನಾನು ‘ಇನ್‌ಕ್ರೀಸ್ಡ್’ ಬರೆದಿದ್ದೆ. ಒಂದಲ್ಲ, ನಾಲ್ಕು ಕಡೆ, ಸಾರಾಂಶದಲ್ಲೂ ಸೇರಿ. ರಿವ್ಯೂವರ್ ಸರಿಯಾಗಿಯೇ ಓದಿದ್ದರು.

ಫೋನಲ್ಲಿ ಇದನ್ನು ಹೇಳುವಾಗ ಗಂಟಲು ಒಣಗಿತ್ತು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಅನುವಾದದ ತಪ್ಪು ಅಂತ ಬರೆಯೋಣ್ವಾ?” ಅಂದಳು. ಬೇಡ ಅಂದೆ. ನನ್ನನ್ನು ಉಳಿಸಿಕೊಳ್ಳೋಕಲ್ಲ (ಸ್ವಲ್ಪ ಅದೂ ಇತ್ತು). ಲೇಖನದ ಮೇಲೆ ಹೆಸರಿರೋದು ಅವಳದು, ಯಾರು ಟೈಪ್ ಮಾಡಿದ್ರು ಅನ್ನೋದು ಸಂಪಾದಕರಿಗೆ ಬೇಕಿಲ್ಲ. ಅಲ್ಲದೆ ಪದ ಬದಲಿಸಿದರೆ ಮುಗಿಯಲಿಲ್ಲ, ಹಸುವಿನ ಪ್ರಶ್ನೆ ಹಾಗೇ ಇತ್ತು.

ಅದಕ್ಕೆ ಉತ್ತರ ಅಕ್ಕನ ಹತ್ತಿರವೇ ಇತ್ತು. ಪ್ರತಿ ಮನೆಯ ಹಸುಗಳ ಲೆಕ್ಕ ಪ್ರಶ್ನಾವಳಿಯಲ್ಲಿ ಬರೆದುಕೊಂಡಿದ್ದಳು. ಒಂದು, ಎರಡು, ಮೂರು ಹಸು ಇರುವ ಮನೆಗಳನ್ನು ಬೇರೆ ಬೇರೆ ಇಟ್ಟು ಹೋಲಿಸಿದಳು. ಅಂತರ ಕಡಿಮೆಯಾಯ್ತು, ಪೂರ್ತಿ ಹೋಗಲಿಲ್ಲ. ಆದರೆ ಇದು ಈಗಿನ ಲೆಕ್ಕ. ಡೈರಿ ಸೇರುವ ಮೊದಲು ಎಷ್ಟು ಹಸು ಇದ್ದವೋ ಯಾರನ್ನೂ ಕೇಳಿರಲಿಲ್ಲ.

ಕೊನೆಗೆ ಉತ್ತರ ಹೀಗೆ ನಿಂತಿತು: ‘ಈ ಅಂಶ ಎತ್ತಿದ್ದಕ್ಕೆ ಧನ್ಯವಾದ. ನಮ್ಮ ಮಾತು ದತ್ತಾಂಶ ಹೇಳುವುದಕ್ಕಿಂತ ಮುಂದೆ ಹೋಗಿತ್ತು. ನಾಲ್ಕೂ ಕಡೆ ತಿದ್ದಿದ್ದೇವೆ. ಹಸುಗಳ ಸಂಖ್ಯೆಯ ಪ್ರಕಾರ ಹೋಲಿಸಿದ ಹೊಸ ಕೋಷ್ಟಕ ಸೇರಿಸಿದ್ದೇವೆ. ಡೈರಿ ಸೇರುವ ಮೊದಲಿನ ಸ್ಥಿತಿ ತಿಳಿಯದು ಎಂಬುದನ್ನು ಅಧ್ಯಯನದ ಮಿತಿಗಳಲ್ಲಿ ಹೇಳಿದ್ದೇವೆ.’ ಇದನ್ನು ಮೊದಲು ಕನ್ನಡದಲ್ಲೇ ಬರೆದು, ಅಕ್ಕ ಒಪ್ಪಿದ ಮೇಲೆ ಇಂಗ್ಲಿಷ್ ಮಾಡಿದೆ. ಆಮೇಲೆ ನನ್ನ ಇಂಗ್ಲಿಷನ್ನು ಮತ್ತೆ ಕನ್ನಡದಲ್ಲಿ ಫೋನಲ್ಲಿ ಓದಿ ಹೇಳಿದೆ. ಈ ಸಲ ‘ಹೆಚ್ಚಿದೆ’ ಬಂದಲ್ಲೆಲ್ಲ ನಿಂತು, “ಯಾವ ಹೆಚ್ಚಿದೆ?” ಅಂತ ಕೇಳುತ್ತಿದ್ದೆ.

ರಿವ್ಯೂವರ್ ಕಾಮೆಂಟನ್ನು ಮಾತ್ರ ಒಂದಕ್ಷರವೂ ಬದಲಿಸದೆ ಇಂಗ್ಲಿಷ್‌ನಲ್ಲೇ ಹಾಕಿ, ಕೆಳಗೆ ನಮ್ಮ ಉತ್ತರ, ಅದರ ಕೆಳಗೆ ಪುಟ ಮತ್ತು ಸಾಲಿನ ಸಂಖ್ಯೆ ಕೊಟ್ಟೆವು. ಸಾಲಿನ ಸಂಖ್ಯೆ ನಾನು ಮೊದಲೇ ತುಂಬಿಟ್ಟಿದ್ದೆ. ಅಕ್ಕ ಕೋಷ್ಟಕ ಸೇರಿಸಿದ್ದೇ ತಡ, ಎಲ್ಲ ಕೆಳಗೆ ಜಾರಿತು. ತಿದ್ದುಪಡಿ ಕಾಣಿಸುವ ಪ್ರತಿಯಲ್ಲಿ ಒಂದು ಸಂಖ್ಯೆ, ಸ್ವಚ್ಛ ಪ್ರತಿಯಲ್ಲಿ ಇನ್ನೊಂದು. ‘ಸಾಲಿನ ಸಂಖ್ಯೆಗಳು ಸ್ವಚ್ಛ ಪ್ರತಿಯವು’ ಅಂತ ಪತ್ರದ ಮೇಲೆಯೇ ಬರೆದು, ರಾತ್ರಿ ಒಂದು ಗಂಟೆಗೆ ಎಲ್ಲವನ್ನೂ ಮತ್ತೆ ಎಣಿಸಿದೆ.

ಗಡುವಿಗೆ ಮೂರು ದಿನ ಇರುವಾಗ ಅಪ್‌ಲೋಡ್ ಆಯ್ತು. ಈಗ ಪೋರ್ಟಲ್‌ನಲ್ಲಿ Under Review ಅಂತ ತೋರಿಸ್ತಿದೆ.

“ಮತ್ತೆ ಅವರಿಗೇ ಹೋಗುತ್ತೇನೋ?” ಕೇಳಿದಳು ಅಕ್ಕ.

“ಸಾಮಾನ್ಯವಾಗಿ ಅವರಿಗೇ.”

“ಹಾಗಾದ್ರೆ ಆ ಹಸುವಿನ ಉತ್ತರ ಇನ್ನೊಂದ್ಸಲ ಓದು.”